ಬೆಳಕೆಳೆ ಎಂದು ನಾನು ಕಟ್ಟಿದ ಪದ

ಒಂದು ಕಡೆ ಕೂತು ಕೆಲಸ ಮಾಡುವುದು ನನ್ನ ಜಾಯಮಾನದಲ್ಲೇ ಇಲ್ಲ. ಆಂಧ್ರದ ಗಡಿಯೊಳಗಿನ ರಾಯದುರ್ಗದ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಭೌತವಿಜ್ಞಾನ ಕಲಿಸುತ್ತ ಇಪ್ಪತ್ತೆರಡು ವರ್ಷವಾಯಿತು. ಪಾಠ ಮಾಡುವಾಗಲೂ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಲೇ ಇರುತ್ತೇನೆ. ಹಿಂದಿನ ಬೆಂಚಿನ ಹುಡುಗಿಯರು ಇದಕ್ಕೆ ನನಗೊಂದು ಅಡ್ಡಹೆಸರು ಇಟ್ಟಿದ್ದಾರೆಂದು ಗೊತ್ತು. ಏನೆಂದು ಕೇಳಲು ಹೋಗಿಲ್ಲ, ಕೇಳಿದರೆ ಕೋಪ ಬರುತ್ತದೆ.

ಅಂಥವಳನ್ನು ಹಿಡಿದು ಕೂರಿಸಿದ್ದು ಒಂದು ಪದಪಟ್ಟಿ. ನಮ್ಮ ಕಡೆಯ ಕನ್ನಡ ಶಾಲೆಗಳ ಹತ್ತನೇ ತರಗತಿಗೆ ಒಂದು ವಿಜ್ಞಾನದ ಕೈಪಿಡಿ ತರಬೇಕೆಂದು ನಾವು ಕೆಲವು ಶಿಕ್ಷಕರು ಸೇರಿ ತೀರ್ಮಾನಿಸಿದ್ದೆವು. ಪರೀಕ್ಷೆಗೆ ಮುಂಚೆ ಮಕ್ಕಳು ಮನೆಯಲ್ಲಿ ತಾವೇ ಓದಿಕೊಳ್ಳುವಂಥ ಪುಸ್ತಕ. ಅದರ ಪಾರಿಭಾಷಿಕ ಪದಗಳ ಹೊಣೆ ನನ್ನದು ಎಂದು ನಾನೇ ಮೇಲೆ ಬಿದ್ದು ವಹಿಸಿಕೊಂಡೆ.

ಮೇಲೆ ಬೀಳಲು ಕಾರಣವಿತ್ತು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಸಂತೆಯಲ್ಲಿ ತೆಲುಗು ಆಡುತ್ತಾರೆ, ವಿಜ್ಞಾನದ ಪುಸ್ತಕ ತೆರೆದರೆ ಎರಡೂ ಅಲ್ಲದ ಭಾಷೆಯನ್ನು ಓದುತ್ತಾರೆ. ವಿದ್ಯುತ್ ಎಂಬ ಪದ ಎಲ್ಲರಿಗೂ ಗೊತ್ತು. ಆದರೆ ಪುಸ್ತಕದಲ್ಲಿ ಅದು ಒಂದು ಕಡೆ ವಿದ್ಯುದ್ವಿಭಜನೆ, ಇನ್ನೊಂದು ಕಡೆ ವಿದ್ಯುಲ್ಲೇಪನ, ಮತ್ತೊಂದು ಕಡೆ ವಿದ್ಯುಚ್ಚಾಲಕ. ಕೊನೆಯ ತಕಾರ ಮುಂದಿನ ಅಕ್ಷರ ಸಿಕ್ಕಿದ ಕೂಡಲೇ ಅದರಂತೆ ವೇಷ ಹಾಕುತ್ತದೆ. ಮೂರರಲ್ಲೂ ಇರುವುದು ಅದೇ ಕರೆಂಟಿನ ವಿದ್ಯುತ್ತು ಎಂದು ನಾನು ಹೇಳುವ ತನಕ ಒಂದು ಮಗುವಿಗೂ ತಿಳಿಯುತ್ತಿರಲಿಲ್ಲ. ಶಾಖ ಹೊರಬಿಡುವ ಕ್ರಿಯೆಗೆ ಹೇಳುವ ಬಹಿರುಷ್ಣಕ ಎಂಬುದನ್ನು ಬಹಿ, ರುಷ್ಣಕ ಎಂದು ಮುರಿದು, ರುಷ್ಣಕ ಅಂದರೇನು ಎಂದು ಕೇಳಿದವರೇ ಎಲ್ಲ ವರ್ಷವೂ ಇದ್ದರು.

ಇಂಗ್ಲಿಷಿನ ಪದಗಳನ್ನೇ ಕನ್ನಡದಲ್ಲಿ ಬರೆದು ಮುಗಿಸಿಬಿಡಿ, ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದು ನಮ್ಮ ಮುಖ್ಯೋಪಾಧ್ಯಾಯರು ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ನನಗೆ ಹಟ ಹೆಚ್ಚಾಯಿತು.

ಅಚ್ಚ ಕನ್ನಡದ ಮಾತುಗಳನ್ನು ಕೂಡಿಸಿದರೆ ಈ ಪೇಚು ಇರುವುದಿಲ್ಲ ಎಂದು ನನ್ನ ನಂಬಿಕೆ. ಆ ಬೇಸಿಗೆಯೆಲ್ಲ ಪದ ಕಟ್ಟಿದೆ. ಅಡಿಗೆ ಮಾಡುತ್ತ ಕಟ್ಟಿದೆ, ಬಟ್ಟೆ ಒಣಹಾಕುತ್ತ ಕಟ್ಟಿದೆ, ಹೊಳೆದದ್ದನ್ನು ಹಾಲಿನ ಕಾರ್ಡಿನ ಹಿಂದೆ ಗೀಚಿದೆ. ವಿದ್ಯುತ್ತಿನ ಹರಿವನ್ನು ಅಳೆಯುವ ಅಮ್ಮೀಟರಿಗೆ ಹರಿವು, ಅಳೆಕ ಸೇರಿಸಿ ಹರಿವಳೆಕ. ಹರಿಯುವುದನ್ನು ತಡೆಯುವ ಗುಣಕ್ಕೆ, ಅಂದರೆ ರೋಧಕ್ಕೆ, ಹರಿ ಮತ್ತು ತಡೆ ಸೇರಿ ಹರಿದಡೆ. ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ ಇಲ್ಲಿ ತಕಾರ ದಕಾರವಾಗುತ್ತದೆ. ಬೆಳಕಿನ ಕಿರಣಕ್ಕೆ ಬೆಳಕು, ಎಳೆ ಸೇರಿ ಬೆಳಕೆಳೆ. ಈ ಕೊನೆಯದು ಹೊಳೆದ ದಿನ ನಾನು ಒಲೆ ಆರಿಸಿ ಇಡೀ ಮನೆ ಸುತ್ತಿ ಬಂದೆ. ಜೀನ್ಸ್ ಹೊಲಿಯುವ ಊರು ನಮ್ಮದು. ದಾರದ ಎಳೆ ಗೊತ್ತಿಲ್ಲದ ಮಗು ನನ್ನ ತರಗತಿಯಲ್ಲಿ ಒಂದೂ ಇಲ್ಲ. ಬೆಳಕನ್ನೂ ಎಳೆ ಎಂದರೆ ಕಿರಣದ ಪಾಠ ಅರ್ಧ ಮುಗಿದ ಹಾಗೆ ಎಂದುಕೊಂಡು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಶಾಲೆ ತೆರೆದ ಮೇಲೆ ಈ ಪದಗಳಲ್ಲೇ ಪಾಠ ಮಾಡಿದೆ. ದಸರಾ ರಜೆ ಮುಗಿದು ಎರಡು ವಾರಕ್ಕೆ ಪರೀಕ್ಷಿಸಿ ನೋಡೋಣವೆಂದು ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದು ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸಿದೆ. ಯಾರೂ ತಡವರಿಸಲಿಲ್ಲ. ಮೂವತ್ತು ಮಕ್ಕಳು, ನಲವತ್ತು ಪದ, ಒಂದೇ ಒಂದು ತಪ್ಪಿಲ್ಲ. ಸಂಧಿಯಿಂದ ಓದಲು ಕಷ್ಟವಾಗುತ್ತದೆಯೇ ಎಂಬ ಕಾಲಂ ಇತ್ತು ನಮ್ಮ ನಮೂನೆಯಲ್ಲಿ. ಅದರುದ್ದಕ್ಕೂ ‘ಇಲ್ಲ’ ಎಂದು ಬರೆದೆ.

ಆ ದಿನ ತರಗತಿಯಲ್ಲಿ ಒಬ್ಬಳು ಇರಲಿಲ್ಲ. ಅವಳ ಮನೆಯವರು ಕುರಿ ಸಾಕುವವರು. ದಸರೆಯ ಹೊತ್ತಿಗೆ ಮಂದೆ ಹೊಡೆದುಕೊಂಡು ತುಂಗಭದ್ರಾ ಕಾಲುವೆಯ ಕಡೆ ಹೋಗುತ್ತಾರೆ, ತಾಯಿಗೆ ಆ ವರ್ಷ ಮೈಗೆ ಹುಷಾರಿರಲಿಲ್ಲವಾದ್ದರಿಂದ ಅಡಿಗೆಗೆ ಇವಳೂ ಹೋಗಬೇಕಾಯಿತು. ಮಾತು ಕಡಿಮೆ, ಲೆಕ್ಕ ಚುರುಕು. ನರ್ಸ್ ಆಗಬೇಕೆಂದು ಅವಳ ಆಸೆ. ಹತ್ತನೇ ತರಗತಿ ಒಂದೇ ಸಲಕ್ಕೆ ಪಾಸಾದರೆ ಓದಿಸುತ್ತೇನೆ, ಇಲ್ಲದಿದ್ದರೆ ಅಕ್ಕನ ಜೊತೆ ಜೀನ್ಸ್ ಯೂನಿಟ್ಟಿಗೆ ಎಂದು ಅಪ್ಪ ಹೇಳಿದ್ದ. ಹೊರಡುವ ಮುಂಚೆ ನಾನು ಕೈಪಿಡಿಯ ಕರಡನ್ನು ಜೆರಾಕ್ಸ್ ಮಾಡಿಸಿ ಕೊಟ್ಟು, ದಿನಾ ಎರಡು ಪುಟ ಓದು, ಹಿಂದೆ ಬೀಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಅವಳಂಥವರಿಗಾಗಿಯೇ ಅಲ್ಲವೇ ಆ ಪುಸ್ತಕ.

ಡಿಸೆಂಬರಿನಲ್ಲಿ ಪಟ್ಟಿ ಮುದ್ರಣಕ್ಕೆ ಹೋಗಬೇಕಿತ್ತು. ಅದಕ್ಕೆ ಮುಂಚೆ ಭಾಷೆಯ ಪರಿಶೀಲಕರ ಸಹಿ ಬೇಕು. ಅವರು ಮಡಕಶಿರದಲ್ಲಿದ್ದರು, ಕನ್ನಡ ಕಲಿಸುವವರು, ನನಗಿಂತ ಆರೇಳು ವರ್ಷ ಹಿರಿಯರು, ಮಾತು ಎಷ್ಟು ನಿಧಾನವೆಂದರೆ ಫೋನಿನಲ್ಲಿ ಅವರ ವಾಕ್ಯ ಮುಗಿಯುವುದರೊಳಗೆ ನಾನು ಎರಡು ಪಾತ್ರೆ ತೊಳೆದಿಡಬಹುದು. ಸಹಿಗೆ ಅರ್ಧ ಗಂಟೆ ಸಾಕೆಂದುಕೊಂಡು ಒಂದು ಶನಿವಾರ ಹೊರಟೆ. ಎರಡು ಬಸ್ಸು ಬದಲಾಯಿಸಿ, ರೇಷ್ಮೆಗೂಡಿನ ಚೀಲಗಳ ನಡುವೆ ಕಾಲು ಮಡಚಿ ಕೂತು, ಬೆಟ್ಟದ ಕೆಳಗಿನ ಅವರ ಶಾಲೆಗೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನದ ಊಟದ ಗಂಟೆ ಹೊಡೆದಿತ್ತು.

ಅವರು ಪಟ್ಟಿಯನ್ನು ಒಮ್ಮೆ ಓದಿ ಪಕ್ಕಕ್ಕಿಟ್ಟರು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಚೀಟಿ ಚೀಟಿಯಾಗಿ ಕತ್ತರಿಸಿ ಇಟ್ಟುಕೊಂಡಿದ್ದರು. ಒಂದೊಂದು ಚೀಟಿಯ ಹಿಂದೆ ಒಂದೊಂದು ಪದವನ್ನು ದೊಡ್ಡದಾಗಿ ಬರೆದರು. ಅವರ ಪದ್ಧತಿ ಹೀಗೆ: ಪದವನ್ನು ಒಮ್ಮೆಯೂ ಕೇಳಿರದ ಮಗುವನ್ನು ಒಂಟಿಯಾಗಿ ಕರೆಯುವುದು, ಚೀಟಿ ಕೊಡುವುದು, ದನಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಪೆನ್ಸಿಲಿನಿಂದ ಒಂದು ಗೀಟು ಹಾಕುವುದು. ಆಮೇಲೆ ಇದರೊಳಗೆ ಯಾವ ಯಾವ ಮಾತಿದೆ ಎಂದು ಕೇಳುವುದು. ಗೀಟು ಎರಡು ಪದ ಕೂಡಿದ ಜಾಗದಲ್ಲೇ ಬಿದ್ದರೆ ಪದ ಪಟ್ಟಿಯಲ್ಲಿ ಉಳಿಯುತ್ತದೆ. ಬೇರೆಲ್ಲೋ ಬಿದ್ದರೆ ಬಿಡಿಸಿ ಬರೆಯಬೇಕು, ಇಲ್ಲವೇ ಕೈಬಿಡಬೇಕು.

ಮೊದಲ ಮಗು ಒಳಗೆ ಬಂತು. ಚೀಟಿ ನೋಡಿ ಬೆಳ ಎಂದು ನಿಂತುಬಿಟ್ಟಿತು. ನನಗೆ ತಡೆಯಲಾಗಲಿಲ್ಲ, ಬೆಳಕೆಳೆ ಎಂದು ತುಟಿ ಆಡಿಸಿದೆ. ಹಿರಿಯರು ಪೆನ್ಸಿಲು ಕೆಳಗಿಟ್ಟರು.

“ಪದ ಕಟ್ದೋರು ಒಳಗಿರಬಾರ್ದು ಮೇಡಂ. ಒಸಿ ಆಚೆ ಕೂತ್ಕಳಿ.”

ಇಪ್ಪತ್ತೆರಡು ವರ್ಷ ಮಕ್ಕಳನ್ನು ಹೊರಗೆ ನಿಲ್ಲಿಸಿದವಳು ನಾನು. ಹೊರಗೆ ನಿಂತದ್ದು ಅದೇ ಮೊದಲು. ಕೂರಲಾಗಲಿಲ್ಲ. ವರಾಂಡದ ಆ ತುದಿಯಿಂದ ಈ ತುದಿಗೆ ಓಡಾಡಿದೆ, ನೀರು ಕುಡಿದೆ, ಗೋಡೆಯ ಮೇಲಿನ ಸುಭಾಷಿತಗಳನ್ನೆಲ್ಲ ಓದಿ ಮುಗಿಸಿದೆ, ವಾಪಸ್ಸಿನ ಬಸ್ಸು ತಪ್ಪುತ್ತದೆಂದು ಗಡಿಯಾರ ನೋಡಿದೆ. ಹತ್ತು ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ಹೊರಗೆ ಬಂದವರು ನನ್ನ ಮುಖ ನೋಡಿ ನಕ್ಕರೋ ಸುಮ್ಮನೆ ನಕ್ಕರೋ, ನನಗಂತೂ ಮೈ ಉರಿಯಿತು.

ಆಮೇಲೆ ಅವರು ಚೀಟಿಗಳನ್ನು ಮೇಜಿನ ಮೇಲೆ ಹರಡಿದರು. ಬೆಳಕೆಳೆಯ ಗೀಟುಗಳು ಬಹುಪಾಲು ಬೆಳ ಆದ ಮೇಲೆ ಬಿದ್ದಿದ್ದವು; ಒಬ್ಬ ಅದನ್ನು ಬೆಳೆಕಳೆ ಎಂದು ಓದಿ, ಬೆಳೆ ಮತ್ತು ಕಳೆ ಎಂದು ಅರ್ಥವನ್ನೂ ಹೇಳಿದ್ದ. ಹರಿದಡೆಯನ್ನು ಆರು ಮಂದಿ ಹರಿದರೆ ಎಂದು ಓದಿದ್ದರು. ಬಟ್ಟೆ ಹರಿದರೆ ಎಂಬಂತೆ. ವಚನಗಳ ಹಳೆಯ ಕನ್ನಡದಲ್ಲಿ ಹರಿದರೆ ಎಂಬುದು ಹರಿದಡೆ ಎಂದೇ ಇರುತ್ತದೆ, ಅದನ್ನು ಬಲ್ಲವರಿಗೂ ಇದು ಹಾಗೇ ಕಾಣುತ್ತದೆ ಎಂದರು ಅವರು. ನೀರು, ಆವಿ ಕೂಡಿದ ನೀರಾವಿ ನಾನು ಕಟ್ಟಿದ ಪದವಲ್ಲ, ಎಷ್ಟೋ ಕಾಲದಿಂದ ಪುಸ್ತಕದಲ್ಲಿದೆ. ಅದನ್ನೂ ನಾಲ್ವರು ನೀರಾವರಿ ಎಂದಿದ್ದರು.

ಸಂಧಿಯಲ್ಲಿ ತಪ್ಪು ತೋರಿಸಿ ಎಂದು ನಾನು ಜಗಳಕ್ಕೇ ನಿಂತೆ. ವ್ಯಾಕರಣದವರು ಸಂಧಿಯ ಪರ ನಿಲ್ಲುತ್ತಾರೆಂದು ನಾನು ನಂಬಿಕೊಂಡು ಬಂದಿದ್ದೆ.

“ಸಂಧಿ ಸರಿಯಾಗೇ ಐತೆ ಮೇಡಂ,” ಅಂದರು ಅವರು. “ಅದ್ಕೇ ಎಳೆ ಕಣ್ಣಿಗೆ ಕಾಣಲ್ಲ.”

ಕಾಗದದ ಮೇಲೆ ಬರೆದು ತೋರಿಸಿದರು. ಎಳೆ ಬಿಡಿಯಾಗಿದ್ದಾಗ ಮೊದಲಿಗೆ ಎ ಎಂಬ ಪೂರ್ತಿ ಅಕ್ಷರವಿರುತ್ತದೆ, ಮಗುವಿನ ಕಣ್ಣು ಅದನ್ನು ಹಿಡಿಯುತ್ತದೆ. ಬೆಳಕಿನ ಕೊನೆಯ ಉಕಾರ ಬಿದ್ದು ಎರಡೂ ಕೂಡಿದ ಮೇಲೆ ಆ ಎ ಬರೀ ಒಂದು ಗುಣಿತದ ಗುರುತಾಗಿ ಕಕಾರದ ತಲೆಯ ಮೇಲೆ ಕೂರುತ್ತದೆ. ಎರಡನೇ ಪದದ ಬಾಗಿಲೇ ಮುಚ್ಚಿದಂತೆ. ಮಾತಾಡುವಾಗ ಕಿವಿಗೆ ಅದು ತಿಳಿಯುತ್ತದೆ, ಮೊದಲ ಸಲ ಓದುವ ಕಣ್ಣಿಗೆ ತಿಳಿಯುವುದಿಲ್ಲ. ಕನ್ನಡದಲ್ಲಿ ಅರ್ಥ ಕೆಡುವ ಕಡೆ ಸಂಧಿ ಬಿಡಬಹುದೆಂದು ವ್ಯಾಕರಣವೇ ಹೇಳುತ್ತದೆ, ಮನೆಗೆಲಸ ಎನ್ನುವಷ್ಟೇ ಸಲೀಸಾಗಿ ಮನೆಕೆಲಸ ಎನ್ನುವುದಿಲ್ಲವೇ ಎಂದು ಕೇಳಿದರು.

ನನಗೆ ಒಂದೂ ತಲೆಗೆ ಹೋಗಲಿಲ್ಲ. ಹೋಗಿತ್ತು, ಒಪ್ಪಲಿಲ್ಲ. ನಮ್ಮ ಮಕ್ಕಳು ಒಬ್ಬರೂ ತಪ್ಪಲಿಲ್ಲ, ನಿಮ್ಮ ಮಕ್ಕಳಿಗೇ ಓದಿನ ಅಭ್ಯಾಸ ಸಾಲದು ಎಂದುಬಿಟ್ಟೆ. ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಚೀಟಿಗಳನ್ನು ಒಂದರ ಮೇಲೊಂದು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ನನ್ನ ಕೈಗೆ ಕೊಟ್ಟರು.

“ನಿಮ್ಮ ಬಾಯಿಂದ ಕೇಳದೇ ಇರೋ ಒಂದು ಮಗೀಗೆ ಓದ್ಸಿ ನೋಡಿ. ಅದು ಓದ್ಬುಟ್ರೆ ನಾನು ಸಹಿ ಹಾಕ್ತೀನಿ.”

ಬಸ್ಸಿನಲ್ಲಿ ಆ ಮಾತು ನನ್ನನ್ನು ಬಿಡಲಿಲ್ಲ. ಸೀಟಿದ್ದರೂ ಸ್ವಲ್ಪ ದೂರ ನಿಂತೇ ಬಂದೆ. ನನ್ನ ಬಾಯಿಂದ ಕೇಳದ ಮಗು ನನ್ನ ತರಗತಿಯಲ್ಲಿ ಎಲ್ಲಿದೆ? ಜೂನಿನಿಂದ ಅದೇ ಪದಗಳನ್ನು ದಿನಕ್ಕೆ ಇಪ್ಪತ್ತು ಸಲ ಹೇಳಿದ್ದೇನೆ. ಅವರು ಬೋರ್ಡು ನೋಡಿ ಓದಿದರೋ, ಬೋರ್ಡು ನೋಡುತ್ತ ನನ್ನ ಮಾತನ್ನೇ ಬಾಯಿಪಾಠ ಒಪ್ಪಿಸಿದರೋ? ಇದು ಹೊಳೆದ ಮೇಲೂ ನನ್ನ ಜಂಬ ಇಳಿಯಲಿಲ್ಲ. ಯಾರಾದರೂ ಒಬ್ಬರು ಸಿಗಲಿ, ಓದಿಸಿ ತೋರಿಸುತ್ತೇನೆ ಎಂದೇ ಹಲ್ಲು ಕಚ್ಚಿಕೊಂಡು ಊರು ಸೇರಿದೆ. ಭಾನುವಾರವೆಲ್ಲ ಮನೆಯಲ್ಲಿ ಚಡಪಡಿಸಿದೆ. ಬುಧವಾರ ಪಟ್ಟಿ ಕಳಿಸಬೇಕು.

ಸೋಮವಾರ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಆ ಹುಡುಗಿ ನಿಂತಿದ್ದಳು. ಬಿಸಿಲಿಗೆ ಕಪ್ಪಾಗಿದ್ದಳು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಸಮವಸ್ತ್ರ ಹಾಕಿರಲಿಲ್ಲ. ಅದನ್ನು ನಾನು ಕಂಡೆ, ಆದರೆ ಗಮನಿಸಲಿಲ್ಲ. ನನಗೆ ಕಂಡದ್ದು ಒಂದೇ, ನನ್ನ ಬಾಯಿಂದ ಈ ಪದಗಳನ್ನು ಕೇಳದ ಮಗು. ಜೂನಿನಿಂದ ದಸರೆಯ ತನಕವೂ ತಾಯಿಯ ಆಸ್ಪತ್ರೆಗೆಂದು ಓಡಾಡುತ್ತ ಅವಳು ನನ್ನ ಪಾಠಕ್ಕೆ ಬಂದದ್ದೇ ಇಲ್ಲವೆನ್ನಬೇಕು. ಯಾವಾಗ ಬಂದೆ, ಅಮ್ಮ ಹೇಗಿದ್ದಾಳೆ ಎಂದು ಕೇಳುವ ಸೌಜನ್ಯವೂ ನನಗಿರಲಿಲ್ಲ. ಕೈ ಹಿಡಿದು ಒಳಗೆ ಎಳೆದುಕೊಂಡು ಮಡಕಶಿರದ ಚೀಟಿಗಳನ್ನು ಮಗುಚಿ, ಹೊಸ ಚೀಟಿಗಳಲ್ಲಿ ಪದ ಬರೆದು ಅವಳ ಮುಂದಿಟ್ಟೆ. ಪೆನ್ಸಿಲು ಹಿಡಿದೆ. ತುಟಿ ಬಿಗಿದೆ.

ಅವಳು ಬಹಳ ಹೊತ್ತು ನೋಡಿದಳು. ಬೆಳ, ಅಂದಳು. ಕೆಳೆ, ಅಂದಳು. ನಾನು ಗೀಟು ಹಾಕಿದೆ. ಹರಿವಳೆಕಕ್ಕೆ ಹರಿ, ವಳೆಕ. ಅಲ್ಲೂ ಗೀಟು. ಹರಿದಡೆಯನ್ನು ಓದಲು ಹೋಗಿ ಹರಿದ ಎಂದು ನಿಲ್ಲಿಸಿದಳು. ಮಡಕಶಿರದ ಗೀಟುಗಳು ಬಿದ್ದ ಜಾಗದಲ್ಲೇ ನನ್ನ ಗೀಟುಗಳೂ ಬೀಳುತ್ತಿದ್ದವು. ಸೋತೆನೆಂದು ತಿಳಿಯಿತು, ಆದರೂ ಕೈ ನಿಲ್ಲಲಿಲ್ಲ, ಇನ್ನೊಂದು ಚೀಟಿ ಮುಂದಿಟ್ಟೆ. ಐದನೆಯದಕ್ಕೆ ಅವಳು ತಲೆ ಎತ್ತಲಿಲ್ಲ. ಚೀಟಿಯ ಮೇಲೆ ಎರಡು ಹನಿ ಬಿದ್ದ ಮೇಲೆ ನನಗೆ ಅವಳು ಅಳುತ್ತಿದ್ದಾಳೆಂದು ಗೊತ್ತಾಯಿತು.

“ಸಾಕ್ರಿ ಮೇಡಂ. ಇದನ್ನ ಕೊಟ್ಟು ಹೋಗಾಕ ಬಂದಿದ್ದೆ ರೀ.” ಕವರನ್ನು ಮೇಜಿನ ಮೇಲಿಟ್ಟಳು. “ನಾಳಿಂದ ಅಕ್ಕನ ಜೊತಿ ಯೂನಿಟ್ಟಿಗೆ ಹೋಗ್ತೀನಿ. ದಿನಾ ಓದೀನ್ರಿ, ಸುಳ್ಳಲ್ಲ. ನನಗ ಓದಾಕ ಬರಂಗಿಲ್ಲ ಅಂತ ಅಲ್ಲೇ ಗೊತ್ತಾತ್ರಿ.”

ಕವರಿನಲ್ಲಿ ನಾನು ಕೊಟ್ಟ ಜೆರಾಕ್ಸ್ ಹಾಳೆಗಳಿದ್ದವು, ಒಂದೂ ಕಳೆದಿರಲಿಲ್ಲ. ಹಿಂಬದಿಗಳಲ್ಲಿ ಪೆನ್ಸಿಲಿನಿಂದ ಒತ್ತೊತ್ತಾಗಿ ಬರೆದಿದ್ದಳು. ಬೆಳಕೆಳೆ, ಬೆಳಕೆಳೆ, ಬೆಳಕೆಳೆ ಎಂದು ಒಂದು ಪುಟ ತುಂಬ. ಹರಿದಡೆ ಒಂದು ಪುಟ. ಒಂದಕ್ಷರ ತಪ್ಪಿರಲಿಲ್ಲ, ಒಂದಕ್ಷರ ಅರ್ಥವಾಗಿರಲಿಲ್ಲ. ಕುರಿ ಹಿಂದೆ ನಡೆಯುತ್ತ ಎರಡು ತಿಂಗಳು ಆ ಮಗು ನನ್ನ ಪದಗಳ ಎದುರು ಒಬ್ಬಳೇ ಕೂತು, ತಾನು ದಡ್ಡಿ ಎಂದು ತೀರ್ಮಾನಿಸಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಕುರ್ಚಿ ಎಳೆದುಕೊಂಡು ಅವಳೆದುರು ಕೂತೆ.

ಆಮೇಲೆ ಒಂದು ಚೀಟಿ ತೆಗೆದು ‘ಬೆಳಕಿನ ಎಳೆ’ ಎಂದು ಬರೆದು ಅವಳ ಕಡೆ ಸರಿಸಿದೆ. ಕಣ್ಣೊರೆಸಿಕೊಂಡು ಒಂದೇ ಉಸಿರಿಗೆ ಓದಿದಳು. ಇದು ದಾರದ ಎಳೆಯೇ ಎಂದು ಕೇಳಿದಳು. ಹೌದೆಂದೆ. ಹಾಗಾದರೆ ಚಿತ್ರದಲ್ಲಿ ಕನ್ನಡಿಗೆ ಬಡಿದು ವಾಪಸ್ ಬರುವ ಗೆರೆ ಇದೇ ಏನು ಎಂದಳು. ಅದೇ ಎಂದೆ. ‘ಹರಿವಿಗೆ ತಡೆ’ ಎಂದು ಬರೆದುಕೊಟ್ಟೆ. ಕಾಲುವೆಗೆ ಕಲ್ಲು ಇಟ್ಟರೆ ನೀರು ಕಡಿಮೆ ಹೋದ ಹಾಗಾ ಎಂದು ಅವಳೇ ಕೇಳಿ, ಅವಳೇ ತಲೆಯಾಡಿಸಿದಳು. ‘ಹರಿವು ಅಳೆಕ’ ಎಂದು ನಡುವೆ ಜಾಗ ಬಿಟ್ಟು ಬರೆದದ್ದಕ್ಕೆ ಅರ್ಥವನ್ನೂ ಕೇಳಲಿಲ್ಲ, ಅಮ್ಮೀಟರ್ ಎಂದುಬಿಟ್ಟಳು. ಒಂದು ಪದವನ್ನೂ ನಾನು ಬಾಯಿಬಿಟ್ಟು ಓದಿ ಹೇಳಿರಲಿಲ್ಲ.

ಅವಳು ತನ್ನ ಹಾಳೆಯನ್ನು ಎಳೆದುಕೊಂಡು ತಾನು ಬರೆದ ಸಾಲುಗಳನ್ನೇ ನೋಡುತ್ತ ಕೂತಳು.

“ಹಂಗಾದ್ರ ತಪ್ಪು ನಂದಲ್ಲೇನ್ರಿ ಮೇಡಂ?”

“ಅಲ್ಲವ್ವ,” ಅಂದೆ. “ನಂದು.”

ಪಟ್ಟಿ ಒಂದು ವಾರ ತಡವಾಗಿ ಹೋಯಿತು. ಹತ್ತೊಂಬತ್ತು ಪದಗಳನ್ನು ಬಿಡಿಸಿ ಬರೆದೆವು, ಏಳನ್ನು ಕೈಬಿಟ್ಟೆವು, ಎರಡಕ್ಕೆ ಇಂಗ್ಲಿಷಿನದೇ ಇರಲಿ ಎಂದೆವು. ಮಡಕಶಿರಕ್ಕೆ ಫೋನು ಮಾಡಿ ಕ್ಷಮೆ ಕೇಳಿದಾಗ ಅವರು ಎಂದಿನ ನಿಧಾನದಲ್ಲಿ ಆ ಮಗು ಏನು ಮಾಡುತ್ತಿದೆ ಎಂದಷ್ಟೇ ಕೇಳಿದರು. ಅದೆಲ್ಲ ಆಮೇಲಿನ ಮಾತು. ಆ ಸೋಮವಾರ ಬೆಳಿಗ್ಗೆ ನನಗೆ ಪಟ್ಟಿಯ ಚಿಂತೆ ಇರಲಿಲ್ಲ, ಅವಳ ಅಕ್ಕ ಶಿಫ್ಟಿಗೆ ಹೊತ್ತಾಗುತ್ತದೆಂದು ಗೇಟಿನ ಹತ್ತಿರ ಕಾಯುತ್ತಿದ್ದಳು. ಇನ್ನೊಂದು ಗಳಿಗೆ ಬಿಟ್ಟರೆ ಹುಡುಗಿ ಅವಳ ಹಿಂದೆ ಹೋಗಿಬಿಡುತ್ತಾಳೆಂದು ನಾನೇ ಗೇಟಿನ ತನಕ ಓಡಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಪುಸ್ತಕದ್ದು ತಪ್ಪು, ಪದಗಳದ್ದು ತಪ್ಪು, ನನ್ನದು ತಪ್ಪು, ಮಾರ್ಚಿಗೆ ಇನ್ನೂ ಮೂರು ತಿಂಗಳಿದೆ. ಏದುಸಿರಿಗೆ ಒಂದು ಮಾತೂ ಹೊರಡಲಿಲ್ಲ. ಹಿಂದಿನಿಂದ ಹುಡುಗಿ ಬಂದು ನನ್ನ ಪಕ್ಕದಲ್ಲಿ ನಿಂತಳು. ಹಾಳೆಗಳ ಕವರು ಮತ್ತೆ ಅವಳ ಕೈಯಲ್ಲೇ ಇತ್ತು.

“ಅಕ್ಕಾ,” ಅಂದಳು, “ನನಗ ಓದಾಕ ಬರ್ತೈತಂತ.”